ಒಂದೇ ಪಾರ್ಟ್‌ಗೆ ಎರಡು ಬೆಲೆ: ತಡವಾದ ಪ್ರಾಜೆಕ್ಟ್ ಬಗ್ಗೆ ಲಿಯಾನ್‌ಗೆ ಹೋದ ಒಂದು ಸ್ಟೇಟಸ್ ಪತ್ರ

ಕೆಲಸ ಹೇಳುವುದಕ್ಕೆ ಸುಲಭದ್ದೇ. ಫ್ರಾನ್ಸಿನ ಲಿಯಾನ್‌ನಲ್ಲಿ ವಿದ್ಯುತ್ ಬಿಡಿಭಾಗ ಮಾರುವ ಒಂದು ಸಗಟು ವ್ಯಾಪಾರಿ ಕಂಪನಿ ಇದೆ. ಅದರ ಆರ್ಡರ್ ಪೋರ್ಟಲ್ ನೋಡಿಕೊಳ್ಳುವ ತಂಡ ಶಿವಮೊಗ್ಗದ್ದು. ಹಳೆಯ ಸರ್ವರಿನಲ್ಲಿ ಡೆಬಿಯನ್ 9 ಇತ್ತು. ಅದಕ್ಕೆ ಭದ್ರತಾ ಪ್ಯಾಚ್ ಬರುವುದು 2022ರ ಜೂನ್‌ಗೇ ನಿಂತಿದೆ. ಹೊಸ ಸರ್ವರಿಗೆ ಡೆಬಿಯನ್ 12 ಹಾಕಿ, ಪೋಸ್ಟ್‌ಗ್ರೆಸ್ 13 ಡೇಟಾಬೇಸನ್ನು ಇದ್ದಂತೆಯೇ ಅಲ್ಲಿಗೆ ಒಯ್ದು, 2025ರ ಜೂನ್ 21ರ ಶನಿವಾರ ರಾತ್ರಿ ಪೋರ್ಟಲನ್ನು ಹೊಸದರ ಮೇಲೆ ಲೈವ್ ಮಾಡುವುದು ಎಂದು ಮಾತಾಗಿತ್ತು. ಅದು ಜುಲೈ 5ಕ್ಕೆ ಹೋಯಿತು. ಯಾಕೆ ಹೋಯಿತು, ಅದನ್ನು ಟೀಮ್ ಲೀಡ್ ಕ್ಲೈಂಟ್‌ಗೆ ಹೇಗೆ ಬರೆದು ತಿಳಿಸಿದರು ಎಂಬುದು ಇಲ್ಲಿನ ವಿಷಯ. ಪ್ರಕರಣವನ್ನು ಅಭ್ಯಾಸಕ್ಕೆಂದು ಕಟ್ಟಿದ್ದು. ದಿನಾಂಕ, ಲೆಕ್ಕಗಳು ಅದಕ್ಕೆ ಸೇರಿದವು. ದೋಷ ಮಾತ್ರ ನಿಜವಾದದ್ದು. ಹಳೆಯ ಲಿನಕ್ಸಿನಿಂದ ಹೊಸದಕ್ಕೆ ಡೇಟಾಬೇಸ್ ಎತ್ತಿಡುವ ಯಾರಿಗೂ ಅದು ಎದುರಾಗಬಹುದು.

ಶುಕ್ರವಾರ ಕಂಡದ್ದು

ಮೇ 26ರಿಂದ ಹೊಸ ಸರ್ವರಿನಲ್ಲಿ ತಾಲೀಮು ನಡೆದಿತ್ತು. ಲಿಯಾನ್‌ನ ಪರೀಕ್ಷಕರು ದಿನಾ ಹೊಸ ಪೋರ್ಟಲಿಗೆ ಹೋಗಿ ಆರ್ಡರ್ ಹಾಕಿ, ಬಿಲ್ ತೆಗೆದು ನೋಡುತ್ತಿದ್ದರು. ಪ್ರತಿ ರಾತ್ರಿ ಕಂಪನಿಯ ಲೆಕ್ಕದ ಸಾಫ್ಟ್‌ವೇರಿನಿಂದ ಪಾರ್ಟ್‌ಗಳ ಬೆಲೆಪಟ್ಟಿ ಬಂದು ಸೇರುತ್ತಿತ್ತು. ಜೂನ್ 6ರ ಶುಕ್ರವಾರ ಅವರಲ್ಲೊಬ್ಬರು ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ಪಟ್ಟಿಯಲ್ಲಿ `10-25` ಎಂಬ ಪಾರ್ಟ್ ಎರಡು ಸಲ ಇದೆ: ಒಂದು ಕಡೆ 11,40 ಯೂರೋ, ಇನ್ನೊಂದು ಕಡೆ 11,90.

ಪಾರ್ಟ್ ನಂಬರಿನ ಕಾಲಮ್‌ಗೆ ಯೂನಿಕ್ ಕಟ್ಟುಪಾಡಿದೆ. ಒಂದೇ ನಂಬರು ಎರಡು ಸಲ ಬರುವ ಹಾಗೇ ಇಲ್ಲ. ಹಾಗಾಗಿ ಮೊದಲು ಎಲ್ಲರಿಗೂ ಬಂದ ಗುಮಾನಿ, ಎರಡೂ ನಂಬರು ನೋಡಲು ಮಾತ್ರ ಒಂದೇ ಥರ ಇರಬೇಕು ಎಂಬುದು. ಕೊನೆಯಲ್ಲೊಂದು ಸ್ಪೇಸ್ ಉಳಿದಿರಬಹುದು, ಮಾಮೂಲಿ ಅಡ್ಡಗೆರೆಯ ಬದಲು ಯುನಿಕೋಡಿನ ಇನ್ನೊಂದು ಅಡ್ಡಗೆರೆ ಬಂದಿರಬಹುದು. ಫ್ರೆಂಚ್ ಡೇಟಾದಲ್ಲಿ ಇದು ಹೊಸದಲ್ಲ. ತಲೆಯ ಮೇಲೆ ಗೆರೆಯಿರುವ ಅಕ್ಷರವನ್ನೇ ಎರಡು ರೀತಿಯ ಬೈಟ್‌ಗಳಲ್ಲಿ ಬರೆಯಬಹುದು. ಅದನ್ನು ಹೀಗೆ ನೋಡಬಹುದು:

```
SELECT id, encode(convert_to(ref,'UTF8'),'hex')
FROM articles WHERE ref || '' = '10-25';
```

`ref || ''` ಎಂದು ಬರೆದರೆ ಪೋಸ್ಟ್‌ಗ್ರೆಸ್ `ref` ಮೇಲಿನ ಇಂಡೆಕ್ಸನ್ನು ಬಳಸಲಾರದು, ಟೇಬಲನ್ನು ಮೊದಲಿನಿಂದ ಕೊನೆಯವರೆಗೆ ಓದಲೇಬೇಕು. ಉತ್ತರವಾಗಿ ಎರಡು ಸಾಲು ಬಂದವು, ಎರಡಕ್ಕೂ `31302d3235`. ಬೈಟಿಗೆ ಬೈಟು ಒಂದೇ. ಅದೇ ಪ್ರಶ್ನೆಯನ್ನು `|| ''` ತೆಗೆದು ಕೇಳಿದರೆ ಒಂದೇ ಸಾಲು. ಅಂದರೆ ಬಂದ ಡೇಟಾದಲ್ಲಿ ತಪ್ಪಿಲ್ಲ, ಇಂಡೆಕ್ಸೇ ಸುಳ್ಳು ಹೇಳುತ್ತಿದೆ.

ಇಂಡೆಕ್ಸ್ ಸುಳ್ಳು ಹೇಳುವುದು ಹೇಗೆ

ಅಕ್ಷರಗಳ ಹಿಂದು ಮುಂದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ತಾನೇ ತೀರ್ಮಾನಿಸುವುದಿಲ್ಲ, ಆಪರೇಟಿಂಗ್ ಸಿಸ್ಟಮಿನ ಗ್ಲಿಬ್‌ಸಿ ಲೈಬ್ರರಿಯನ್ನು ಕೇಳುತ್ತದೆ. 2018ರಲ್ಲಿ ಬಂದ ಗ್ಲಿಬ್‌ಸಿ 2.28 ಈ ನಿಯಮವನ್ನೇ ದೊಡ್ಡದಾಗಿ ಬದಲಿಸಿತು. ಡೆಬಿಯನ್ 9ರಲ್ಲಿರುವುದು 2.24, ಡೆಬಿಯನ್ 12ರಲ್ಲಿ 2.36. ಹಳೆಯ ನಿಯಮದಲ್ಲಿ ಮೊದಲ ಸುತ್ತಿಗೆ ಅಡ್ಡಗೆರೆ ಲೆಕ್ಕಕ್ಕೇ ಇಲ್ಲ, ಹಾಗಾಗಿ `10-25` ಹೋಗಿ `1025`ರ ಮಗ್ಗುಲಲ್ಲಿ ಕೂರುತ್ತದೆ. ಹೊಸ ನಿಯಮದಲ್ಲಿ ಅಡ್ಡಗೆರೆಗೂ ಜಾಗವಿದೆ, ಅದು ಅಂಕಿಗಳಿಗಿಂತ ಮುಂಚೆ ಬರುತ್ತದೆ. ಆದ್ದರಿಂದ `10-25` ಎಂಬುದು `100`ಕ್ಕಿಂತಲೂ ಮೊದಲು.

ಡೇಟಾಬೇಸನ್ನು ಹೊಸ ಸರ್ವರಿಗೆ ಒಯ್ದದ್ದು `pg_basebackup` ಮತ್ತು ಸ್ಟ್ರೀಮಿಂಗ್ ರೆಪ್ಲಿಕೇಶನ್‌ನಿಂದ. ಇದು ಡಿಸ್ಕಿನ ಫೈಲುಗಳನ್ನು ಇದ್ದ ಹಾಗೇ ನಕಲು ಮಾಡುತ್ತದೆ, ಇಂಡೆಕ್ಸ್ ಫೈಲುಗಳೂ ಅದರಲ್ಲಿ ಸೇರಿವೆ. ಹೀಗಾಗಿ ಹಳೆಯ ನಿಯಮದಲ್ಲಿ ಜೋಡಿಸಿಟ್ಟ ಇಂಡೆಕ್ಸ್ ಮರದಲ್ಲಿ ಹೊಸ ನಿಯಮದಿಂದ ಹುಡುಕಾಟ ಶುರುವಾಯಿತು. 'ಅಂಗಡಿ', 'ಅಂಬಲಿ'ಯಂಥ ಅನುಸ್ವಾರದ ಪದಗಳನ್ನು ಅಕಾರದ ಶುರುವಿಗೇ ಇಟ್ಟ ನಿಘಂಟನ್ನು, ಅವು ಅಕಾರದ ಕೊನೆಗೆ ಬರುತ್ತವೆ ಎಂದುಕೊಂಡವನ ಕೈಗೆ ಕೊಟ್ಟಂತೆ. ಪದ ಪುಸ್ತಕದಲ್ಲೇ ಇದೆ, ಅವನು ನೋಡಿದ ಪುಟದಲ್ಲಿ ಇಲ್ಲ. ಹಾಗಾಗಿ ಇಲ್ಲವೇ ಇಲ್ಲ ಎನ್ನುತ್ತಾನೆ.

ರಾತ್ರಿಯ ಆಮದು ಬಳಸುತ್ತಿದ್ದುದು `INSERT ... ON CONFLICT (ref) DO UPDATE`. ಪಾರ್ಟ್ ಇದ್ದರೆ ಬೆಲೆ ಬದಲಿಸು, ಇಲ್ಲದಿದ್ದರೆ ಹೊಸ ಸಾಲು ಹಾಕು. ಇಂಡೆಕ್ಸ್ 'ಇಲ್ಲ' ಎಂದಿತು, ಹೊಸ ಸಾಲು ಬಿತ್ತು, ಯೂನಿಕ್ ಕಟ್ಟುಪಾಡೂ ಅದೇ ಇಂಡೆಕ್ಸನ್ನೇ ಕೇಳಿ ಸುಮ್ಮನಾಯಿತು. ಹೀಗೆ ಬಿದ್ದ ಸಾಲು ಹೊಸ ನಿಯಮದ ಜಾಗದಲ್ಲೇ ಕೂತದ್ದರಿಂದ ಮರುದಿನದಿಂದ ಅದು ಸಿಗತೊಡಗಿತು, ಬೆಲೆಯೂ ಅದರಲ್ಲೇ ಬದಲಾಗುತ್ತ ಹೋಯಿತು. ಆದ್ದರಿಂದ ದಿನ ಕಳೆದಂತೆ ಮೂರನೆಯದು, ನಾಲ್ಕನೆಯದು ಹುಟ್ಟಲಿಲ್ಲ. ಪ್ರತಿ ಪಾರ್ಟಿಗೂ ಎರಡೇ: ಬೆಲೆ ಹಳತಾದ ಒಂದು, ತಾಜಾ ಬೆಲೆಯ ಇನ್ನೊಂದು. 86 000 ಪಾರ್ಟ್‌ಗಳಲ್ಲಿ 312 ಹೀಗಾಗಿದ್ದವು.

ಪರೀಕ್ಷೆ ಶುರುವಾಗಿ ಎರಡನೆಯ ವಾರ ಮುಗಿಯುವವರೆಗೆ ಯಾರ ಕಣ್ಣಿಗೂ ಬೀಳದಿದ್ದುದಕ್ಕೂ ಕಾರಣವಿದೆ. ಎಲ್ಲ ಕೋಡುಗಳೂ ಒಂದೇ ಅಚ್ಚಿನವಾಗಿದ್ದರೆ, ಉದಾಹರಣೆಗೆ ಗ್ರಾಹಕರ ನಂಬರುಗಳಂತೆ ಎಲ್ಲದರಲ್ಲೂ ಎರಡಕ್ಷರ, ಅಡ್ಡಗೆರೆ, ಐದು ಅಂಕಿ ಇದ್ದರೆ, ಎರಡೂ ನಿಯಮದಲ್ಲಿ ಕ್ರಮ ಒಂದೇ. ಅಡ್ಡಗೆರೆ ಇದ್ದದ್ದೂ ಇಲ್ಲದ್ದೂ ಬೆರೆತ ಕಾಲಮ್ಮಿನಲ್ಲಿ ಮಾತ್ರ ಎಡವಟ್ಟು. ಅಲ್ಲೂ ಎಲ್ಲ ಸಾಲು ತಪ್ಪುವುದಿಲ್ಲ. ಇನ್ನು ಟೇಬಲ್ ಚಿಕ್ಕದಿದ್ದರೆ ಪೋಸ್ಟ್‌ಗ್ರೆಸ್ ಇಂಡೆಕ್ಸಿನ ಗೋಜಿಗೇ ಹೋಗದೆ ಇಡೀ ಟೇಬಲ್ ಓದುತ್ತದೆ, ಹಾಗಾಗಿ ನೂರು ಸಾಲಿನ ಪರೀಕ್ಷಾ ಡೇಟಾದಲ್ಲಿ ಈ ದೋಷ ಹುಟ್ಟಿದರೂ ಕಾಣುವುದಿಲ್ಲ. ಎಚ್ಚರಿಕೆಯ ಸಂದೇಶವೂ ಬರಲಿಲ್ಲ: ಡೇಟಾಬೇಸಿನ ಡೀಫಾಲ್ಟ್ ಕೊಲೇಶನ್, ಅಂದರೆ ಅಕ್ಷರ ಜೋಡಿಸುವ ನಿಯಮ, ಬದಲಾಗಿದೆ ಎಂದು ಪೋಸ್ಟ್‌ಗ್ರೆಸ್ ಹೇಳಲು ಶುರುಮಾಡಿದ್ದು 15ನೇ ಆವೃತ್ತಿಯಿಂದ, ಇಲ್ಲಿದ್ದುದು 13.

ಸರ್ವರ್ ಯಾವ ನಿಯಮದಲ್ಲಿದೆ ಎಂದು ತಿಳಿಯಲು ಒಂದೇ ಸಾಲು ಸಾಕು:

```
( echo "1-1"; echo "11" ) | LC_COLLATE=fr_FR.UTF-8 sort
```

ಹಳೆಯದರಲ್ಲಿ `11` ಮೊದಲು, ಹೊಸದರಲ್ಲಿ `1-1` ಮೊದಲು. ಇದರಲ್ಲೊಂದು ಬಲೆಯಿದೆ. ಆ ಸರ್ವರಿನಲ್ಲಿ `fr_FR.UTF-8` ಲೊಕೇಲ್ ಇಲ್ಲದಿದ್ದರೆ `sort` ಸದ್ದಿಲ್ಲದೆ ಬೈಟ್ ಕ್ರಮಕ್ಕೆ ಇಳಿಯುತ್ತದೆ, ಆಗಲೂ `1-1` ಮೊದಲು ಬರುತ್ತದೆ. ಹಾಗಾಗಿ ಮೊದಲು `locale -a` ಕೊಟ್ಟು ಲೊಕೇಲ್ ಇದೆಯೇ ನೋಡಿಕೊಂಡು ಆಮೇಲೆ ಇದನ್ನು ನಂಬಬೇಕು.

ಮೊದಲ ಪ್ರಶ್ನೆ: ನಿಜವಾದ ಡೇಟಾಗೆ ಏನಾದರೂ ಆಯಿತೇ?

ಕಾರಣ ಗೊತ್ತಾದಾಗ ಶಿವಮೊಗ್ಗದಲ್ಲಿ ಸಂಜೆ ಐದೂವರೆ, ಲಿಯಾನ್‌ನಲ್ಲಿ ಮಧ್ಯಾಹ್ನ ಎರಡು. ಬೇಸಿಗೆಯಲ್ಲಿ ಎರಡೂ ಊರಿನ ನಡುವೆ ಮೂರೂವರೆ ಗಂಟೆ ಅಂತರ, ಚಳಿಗಾಲದಲ್ಲಿ ನಾಲ್ಕೂವರೆ. ಶುಕ್ರವಾರ ಮುಗಿದರೆ ಮತ್ತೆ ಅಲ್ಲಿ ಜನ ಸಿಗುವುದು ಮಂಗಳವಾರಕ್ಕೆ, ಜೂನ್ 9ರ ಸೋಮವಾರ ಪೆಂಟೆಕೋಸ್ಟ್ ರಜೆ. ಉಳಿದ ಮೂರು ಗಂಟೆಯಲ್ಲಿ ಏನು ಬರೆಯುವುದು ಎಂಬುದು ಟೀಮ್ ಲೀಡ್ ಮುಂದಿದ್ದ ಪ್ರಶ್ನೆ.

ಬೆಂಗಳೂರಿನ ಮ್ಯಾನೇಜರ್ ಫೋನಿನಲ್ಲೇ ಒಂದು ದಾರಿ ಹೇಳಿದರು. "ಈಗಲೇ ಯಾಕ್ರೀ ಬರಿಯೋದು? ಮೂರು ದಿನ ಇದ್ಯಲ್ಲ, ಸರಿ ಮಾಡಿಬಿಟ್ಟು ಮಂಗಳವಾರ ಹೇಳಿದ್ರಾಯ್ತು."

"ಸರ್, ಕಂಡುಹಿಡಿದಿದ್ದು ಅವರೇ. ಸ್ಕ್ರೀನ್‌ಶಾಟ್ ಕಳಿಸಿ ಉತ್ತರ ಕಾಯ್ತಾ ಇದಾರೆ. ಅಲ್ಲದೆ ಈಗ ನಡೀತಿರೋ ಪೋರ್ಟಲಲ್ಲೂ ಇದೇ ಆಗಿದ್ಯಾ ಅಂತ ನೋಡ್ಬೇಕಂದ್ರೆ ಅವರ ಒಪ್ಪಿಗೆ ಬೇಕು."

ಈ ಎರಡನೆಯ ಮಾತೇ ಮುಖ್ಯದ್ದು. ಇಂಡೆಕ್ಸ್ ಸರಿಯಿದೆಯೇ ಎಂದು ನೋಡುವ ಸಾಧನ `amcheck` ಎಂಬ ಎಕ್ಸ್‌ಟೆನ್ಶನ್. ಲೈವ್ ಡೇಟಾಬೇಸಿನಲ್ಲಿ `CREATE EXTENSION` ಕೊಡುವುದೂ ಒಂದು ಬದಲಾವಣೆಯೇ, ಕೇಳದೆ ಮಾಡುವಂತಿಲ್ಲ. ಅದರಲ್ಲಿರುವ ಎರಡು ಫಂಕ್ಷನ್‌ಗಳಲ್ಲಿ `bt_index_check` ಓದುವವರನ್ನೂ ಬರೆಯುವವರನ್ನೂ ತಡೆಯುವುದಿಲ್ಲ. `bt_index_parent_check` ಇನ್ನಷ್ಟು ಆಳಕ್ಕೆ ನೋಡುತ್ತದೆ, ಆದರೆ ಅದು ಮುಗಿಯುವವರೆಗೆ ಆ ಟೇಬಲಿಗೆ ಯಾರೂ ಬರೆಯಲಾಗದು. ಲೈವ್‌ನಲ್ಲಿ ಮೊದಲನೆಯದನ್ನೇ ಬಳಸುತ್ತೇವೆ ಎಂದು ಹೆಸರು ಹೇಳಿಯೇ ಅನುಮತಿ ಕೇಳಬೇಕು.

ಶುಕ್ರವಾರದ ಮೇಲ್ ಆರು ವಾಕ್ಯಗಳದ್ದು. ಒಂದೇ ಪಾರ್ಟ್ ಎರಡು ಸಲ ಕಾಣುವುದು ನಿಜ, ತಾಲೀಮು ಸರ್ವರಿನ ಇಂಡೆಕ್ಸ್‌ಗಳು ಕೆಟ್ಟಿವೆ. ಕಾರಣ ಗೊತ್ತಾಗಿದೆ. ಲೈವ್ ಸರ್ವರಿನ ಆಪರೇಟಿಂಗ್ ಸಿಸ್ಟಮ್ ಬದಲಾಗಿಲ್ಲವಾದ್ದರಿಂದ ಅಲ್ಲಿ ಹೀಗಾಗಿರಬಾರದು, ಆದರೆ ಪರೀಕ್ಷಿಸದೆ ಖಚಿತವಾಗಿ ಹೇಳುವುದಿಲ್ಲ. ಇಂದು ರಾತ್ರಿ ಈ ಆಜ್ಞೆ ನಡೆಸಲು ಅನುಮತಿ ಕೊಡಿ. ತಾಲೀಮು ಸರ್ವರಿನಲ್ಲಿ ಪರೀಕ್ಷೆ ನಿಲ್ಲಿಸಿ. ಜೂನ್ 21ರ ದಿನಾಂಕದ ಮೇಲೆ ಪರಿಣಾಮ ಇರುತ್ತದೆ, ಎಷ್ಟು ಎಂಬುದನ್ನು ಮಂಗಳವಾರ ಬೆಳಿಗ್ಗೆ ನಿಮ್ಮ ಗಡಿಯಾರದ 9ಕ್ಕೆ ಬರೆಯುತ್ತೇವೆ.

'ಆಗಿರಬಾರದು' ಮತ್ತು 'ಆಗಿಲ್ಲ' ಬೇರೆಬೇರೆ ಮಾತು. ಅದನ್ನು ಬೇರೆಯಾಗಿಯೇ ಇಟ್ಟದ್ದರಿಂದ ಈ ಚಿಕ್ಕ ಮೇಲ್ ಕೆಲಸ ಮಾಡಿತು. ಯುರೋಪಿನ ಡೇಟಾ ರಕ್ಷಣಾ ಕಾನೂನಿನ 4 ಮತ್ತು 33ನೇ ವಿಧಿಗಳು ಇಲ್ಲಿ ನೆನಪಿರಬೇಕು: ವೈಯಕ್ತಿಕ ಮಾಹಿತಿ ಸೋರುವುದಷ್ಟೇ ಅಲ್ಲ, ತಪ್ಪಾಗಿ ಬದಲಾಗುವುದೂ ಉಲ್ಲಂಘನೆಯ ವ್ಯಾಖ್ಯೆಯೊಳಗೆ ಬರುತ್ತದೆ. ಜನರಿಗೆ ಅದರಿಂದ ಅಪಾಯದ ಸಾಧ್ಯತೆ ಇದ್ದರೆ ಕ್ಲೈಂಟ್ ಕಂಪನಿ ತನಗೆ ತಿಳಿದ 72 ಗಂಟೆಯೊಳಗೆ ಅಲ್ಲಿನ ಪ್ರಾಧಿಕಾರಕ್ಕೆ ಹೇಳಬೇಕು. ಅವರ ಪರವಾಗಿ ಡೇಟಾ ನಿರ್ವಹಿಸುವ ತಂಡ ತಡಮಾಡದೆ ಅವರಿಗೆ ತಿಳಿಸಬೇಕು. ಇದು ಉಲ್ಲಂಘನೆಯೋ ಅಲ್ಲವೋ ಎಂದು ತೀರ್ಮಾನಿಸುವುದು ಶಿವಮೊಗ್ಗದ ಕೆಲಸವಲ್ಲ. ತೀರ್ಮಾನಕ್ಕೆ ಬೇಕಾದ ಸಂಗತಿ ಕೊಡುವುದು ಇವರ ಕೆಲಸ. ಮಂಗಳವಾರದವರೆಗೆ ಸುಮ್ಮನಿದ್ದರೆ 72 ಗಂಟೆ ರಜೆಯಲ್ಲೇ ಕರಗುತ್ತಿತ್ತು.

ಒಪ್ಪಿಗೆ ಒಂದು ಗಂಟೆಯಲ್ಲಿ ಬಂತು. ಡೇಟಾಬೇಸ್ ನೋಡಿಕೊಳ್ಳುವ ಹುಡುಗ ತೀರ್ಥಹಳ್ಳಿ ಹತ್ತಿರದ ಮನೆಯಿಂದ ಕೆಲಸ ಮಾಡುವವನು. ಮಳೆಗಾಲ ಹಿಡಿದಿತ್ತು, ರಾತ್ರಿ ಗಾಳಿಗೆ ಮರ ಬಿದ್ದು ಲೈನ್ ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಪರೀಕ್ಷೆ ನಿಲ್ಲಲಿಲ್ಲ, ಏಕೆಂದರೆ ಅವನು ಆಜ್ಞೆಯನ್ನು ಲಿಯಾನ್‌ನ ಸರ್ವರಿನಲ್ಲೇ `tmux` ಒಳಗೆ ಹಚ್ಚಿದ್ದ. ಇಲ್ಲಿ ಸಂಪರ್ಕ ಕಡಿದರೂ ಅಲ್ಲಿ ಅದು ನಡೆಯುತ್ತಲೇ ಇರುತ್ತದೆ. ಮಲೆನಾಡಿನಲ್ಲಿ ಕೂತು ಗಂಟೆಗಟ್ಟಲೆ ಓಡುವ ಕೆಲಸ ಹಚ್ಚುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಅಭ್ಯಾಸವೇ ಆಗಿರಬೇಕು.

```
SELECT bt_index_check('articles_ref_key'::regclass, true);
```

ಲೈವ್ ಸರ್ವರಿನಲ್ಲಿ ಪಠ್ಯ ಕಾಲಮ್‌ಗಳ ಮೇಲಿನ 41 ಇಂಡೆಕ್ಸ್‌ಗಳಲ್ಲೂ ಏನೂ ದೋಷವಿಲ್ಲ. ಇದೇ ಆಜ್ಞೆ ತಾಲೀಮು ಸರ್ವರಿನಲ್ಲಿ 6 ಇಂಡೆಕ್ಸ್‌ಗಳ ಮೇಲೆ `item order invariant violated` ಎಂದು ನಿಂತಿತು. ಶನಿವಾರ ಬೆಳಿಗ್ಗೆ ಒಂದು ಸಾಲಿನ ಮೇಲ್ ಹೋಯಿತು: ಲೈವ್ ಡೇಟಾ ಪರೀಕ್ಷಿಸಿದೆವು, ಸರಿಯಿದೆ.

ಹಾಗಾದರೆ ಎರಡು ವಾರ ಯಾಕೆ?

ಎಲ್ಲರೂ ಕೇಳುವ ಪ್ರಶ್ನೆ ಇದು, ಮ್ಯಾನೇಜರೂ ಕೇಳಿದರು, ಆಮೇಲೆ ಲಿಯಾನ್‌ನವರೂ ಕೇಳಿದರು: `REINDEX` ಕೊಟ್ಟರೆ ಮುಗಿಯಿತಲ್ಲ? ಮರವನ್ನು ಹೊಸ ನಿಯಮದಲ್ಲಿ ಮತ್ತೆ ಕಟ್ಟುತ್ತದೆ, ಅದು ಕೆಲವು ನಿಮಿಷದ ಕೆಲಸ. ನಿಜ, ಡೇಟಾ ಇನ್ನೂ ಕೆಡುವ ಮುಂಚೆ ಮಾಡಿದ್ದರೆ ಅಷ್ಟೇ ಸಾಕಿತ್ತು. ಒಂದೇ ನಂಬರಿನ ಎರಡು ಸಾಲು ಬಿದ್ದ ಮೇಲೆ ಯೂನಿಕ್ ಇಂಡೆಕ್ಸ್ ಕಟ್ಟಲು ಹೋದರೆ `could not create unique index` ಎಂದು ನಿಲ್ಲುತ್ತದೆ. ಮೊದಲು ಎರಡರಲ್ಲಿ ಒಂದನ್ನು ತೆಗೆಯಬೇಕು. ಆದರೆ ಪರೀಕ್ಷಕರು ಹಾಕಿದ ಆರ್ಡರುಗಳಲ್ಲಿ ಕೆಲವು ಹಳೆಯ ಸಾಲಿಗೂ ಕೆಲವು ಹೊಸ ಸಾಲಿಗೂ ಅಂಟಿಕೊಂಡಿವೆ. ಅಂಥವನ್ನು ಹುಡುಕುವ ಪ್ರಶ್ನೆಯೂ ಕೆಟ್ಟ ಇಂಡೆಕ್ಸನ್ನೇ ಬಳಸಿ ಸುಳ್ಳು ಉತ್ತರ ಕೊಡದಿರಲಿ ಎಂದು ಮೂರು ಬಾಗಿಲು ಮುಚ್ಚಿ ಕೇಳಬೇಕು:

```
SET enable_indexscan = off;
SET enable_indexonlyscan = off;
SET enable_bitmapscan = off;
SELECT ref, count(*) FROM articles
GROUP BY ref HAVING count(*) > 1;
```

ತಾಲೀಮು ಸರ್ವರಿನ ಡೇಟಾ ಉಳಿಸಿಕೊಳ್ಳುವ ಅಗತ್ಯವೇ ಇಲ್ಲದ್ದರಿಂದ ಆ ಹಾದಿ ಬಿಟ್ಟರು. ಎಸೆದು ಮತ್ತೆ ತರುವುದೇ ಲೇಸು. ಆದರೆ ತರುವ ವಿಧಾನ ಬದಲಾಗಬೇಕು. ಫೈಲ್ ನಕಲು ಮಾಡಿದರೆ ಲೈವ್ ಆಗುವ ರಾತ್ರಿಯೂ ಇದೇ ದೋಷ ಹೊಸ ಸರ್ವರಿಗೆ ಬರುತ್ತದೆ. ನಕಲಿಸಿ, ಪೋರ್ಟಲ್ ತೆರೆಯುವ ಮುಂಚೆ `REINDEX` ಮಾಡುವುದೂ ಸರಿಯಾದ ದಾರಿಯೇ, ತಂಡ ಅದನ್ನೂ ತೂಗಿ ನೋಡಿತು. ಅದರ ತೊಂದರೆ, ಒಂದು ಇಂಡೆಕ್ಸ್ ಬಿಟ್ಟುಹೋದರೂ ಯಾರಿಗೂ ಗೊತ್ತಾಗದು. ಲಾಜಿಕಲ್ ರೆಪ್ಲಿಕೇಶನ್‌ನಲ್ಲಿ ಫೈಲಿನ ಬದಲು ಸಾಲುಗಳು ಒಂದೊಂದಾಗಿ ಹೋಗುತ್ತವೆ, ಇಂಡೆಕ್ಸ್ ಅಲ್ಲೇ ಹೊಸದಾಗಿ ಹುಟ್ಟುತ್ತದೆ. ಆ ಕಾರಣಕ್ಕೆ ಅದನ್ನು ಆರಿಸಿದರು.

ಅದಕ್ಕೂ ಬೆಲೆ ಇದೆ. ಲೈವ್ ಸರ್ವರಿನಲ್ಲಿ `wal_level` ಅನ್ನು `logical` ಮಾಡಬೇಕು, ಅದಕ್ಕೆ ಪೋಸ್ಟ್‌ಗ್ರೆಸ್ ರೀಸ್ಟಾರ್ಟ್ ಬೇಕು. ಅಂದರೆ ಕೆಲವು ನಿಮಿಷ ಪೋರ್ಟಲ್ ಬಂದ್. ಪ್ರೈಮರಿ ಕೀ ಇಲ್ಲದ ಎರಡು ಟೇಬಲುಗಳಿಗೆ `REPLICA IDENTITY FULL` ಕೊಡಬೇಕು, ಇಲ್ಲದಿದ್ದರೆ ಅವುಗಳಲ್ಲಿ ಅಪ್‌ಡೇಟ್ ಮಾಡಲು ಹೋದರೆ ಲೈವ್‌ನಲ್ಲೇ ಎರರ್ ಬರುತ್ತದೆ. ಸೀಕ್ವೆನ್ಸ್‌ಗಳು ಈ ದಾರಿಯಲ್ಲಿ ಹೋಗುವುದಿಲ್ಲ, ಕೊನೆಯ ರಾತ್ರಿ `setval` ಕೊಟ್ಟು ಕೈಯಾರೆ ಹೊಂದಿಸಬೇಕು. ಮರೆತರೆ ಮೊದಲ ಹೊಸ ಆರ್ಡರೇ ಹಳೆಯ ನಂಬರಿಗೆ ಡಿಕ್ಕಿ ಹೊಡೆಯುತ್ತದೆ.

ಇಷ್ಟಾದರೂ ಎರಡು ವಾರದಲ್ಲಿ ದೊಡ್ಡ ಪಾಲು ಇದರದ್ದಲ್ಲ. ಪರೀಕ್ಷಕರ ಕೆಲಸ ಮತ್ತೆ ಆಗಬೇಕಿತ್ತು. ಹುಡುಕಾಟ, ಪಟ್ಟಿಯ ಕ್ರಮ, ಆಮದು, ಬೆಲೆ ಮುಟ್ಟುವ ಪರೀಕ್ಷೆಗಳ ಫಲಿತಾಂಶವೆಲ್ಲ ಕೆಟ್ಟ ಇಂಡೆಕ್ಸಿನ ಮೇಲೆ ಬಂದದ್ದು. 140ರಲ್ಲಿ 44 ಹೀಗೆ ರದ್ದಾದವು.

ಕಳಿಸದ ಪತ್ರ

ಸೋಮವಾರ ತಯಾರಾದ ಮೊದಲ ಕರಡಿನ ತಾತ್ಪರ್ಯ ಹೀಗಿತ್ತು:

"ನಮಸ್ಕಾರ. ತಾಲೀಮಿನ ವೇಳೆ ಒಂದು ಸಣ್ಣ ತಾಂತ್ರಿಕ ತೊಂದರೆ ಕಂಡುಬಂದಿದೆ. ಪ್ರತಿಕೂಲ ಹವಾಮಾನ ಮತ್ತು ವಿದ್ಯುತ್ ವ್ಯತ್ಯಯದ ನಡುವೆಯೂ ನಮ್ಮ ತಂಡ ಹಗಲಿರುಳು ಶ್ರಮಿಸುತ್ತಿದೆ. ಕೆಲಸ ಬಹುತೇಕ ಮುಗಿದಿದೆ. ಸುಮಾರು 1,20,000 ದಾಖಲೆಗಳನ್ನು ಪರಿಶೀಲಿಸಲಾಗಿದೆ. ಆದಷ್ಟು ಬೇಗ ಹೊಸ ದಿನಾಂಕ ತಿಳಿಸುತ್ತೇವೆ. ಅನನುಕೂಲಕ್ಕೆ ವಿಷಾದಿಸುತ್ತೇವೆ."

ನಮ್ಮ ಕಚೇರಿಗಳಲ್ಲಿ ದಿನಾ ಓಡಾಡುವ ಪತ್ರ ಇದು. ಓದುವವರ ಜಾಗದಲ್ಲಿ ಕೂತು ನೋಡಿದರೆ ಇದರಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಲಿಯಾನ್‌ನ ಪ್ರಾಜೆಕ್ಟ್ ಮುಖ್ಯಸ್ಥೆ ಗುರುವಾರ ತಮ್ಮ ಕಂಪನಿಯ ಸ್ಟಿಯರಿಂಗ್ ಸಮಿತಿಯ ಮುಂದೆ ನಿಲ್ಲಬೇಕು. ಫ್ರೆಂಚ್ ಪ್ರಾಜೆಕ್ಟ್‌ಗಳಲ್ಲಿ ಕೋಪಿಲ್ ಎನ್ನುವುದು ಇದಕ್ಕೇ. ಏನು ಕೆಟ್ಟಿತು, ಯಾಕೆ ಕೆಟ್ಟಿತು, ಮತ್ತೆ ಕೆಡುವುದಿಲ್ಲ ಎಂದು ಹೇಗೆ ನಂಬುವುದು ಎಂದು ಅಲ್ಲಿ ಅವರನ್ನು ಕೇಳುತ್ತಾರೆ. ಅವರ ಬಾಯಿಗೆ ಉತ್ತರ ಕೊಡದ ಪತ್ರ ಬಂದರೂ ಒಂದೇ, ಬಾರದಿದ್ದರೂ ಒಂದೇ. ಬೆಲೆ ತಪ್ಪು ತೋರಿಸುವ ದೋಷವನ್ನು 'ಸಣ್ಣದು' ಎಂದರೆ, ಆಮೇಲೆ ಬರೆದ ನಿಜವನ್ನೂ ನಂಬುವುದಿಲ್ಲ.

ಮಳೆ ಮತ್ತು ಕರೆಂಟಿನ ಮಾತು ಇನ್ನೂ ಕೆಟ್ಟದ್ದು. ಅದು ನಿಜ, ಆದರೆ ಈ ತಡಕ್ಕೆ ಅದು ಕಾರಣವಲ್ಲ. ಬರೆದರೆ ಓದುವವರು ಅದನ್ನೇ ಕಾರಣ ಎಂದುಕೊಳ್ಳುತ್ತಾರೆ, ಮುಂದಿನ ನಾಲ್ಕು ತಿಂಗಳು ಪ್ರತಿ ತಡಕ್ಕೂ 'ಅಲ್ಲಿ ಮಳೆಯೇ?' ಎಂದು ಕೇಳುತ್ತಾರೆ. 1,20,000 ಎಂಬುದೂ ತೆಗೆಯಬೇಕಾದದ್ದೇ: ಫ್ರಾನ್ಸಿನಲ್ಲಿ ಅಲ್ಪವಿರಾಮ ದಶಮಾಂಶದ ಗುರುತು, ನಮ್ಮ ಲಕ್ಷದ ಬರವಣಿಗೆ ಅವರಿಗೆ ಅರ್ಥವೇ ಆಗದು. 120 000 ಎಂದು ನಡುವೆ ಜಾಗ ಬಿಟ್ಟು ಬರೆಯುವುದು ಅವರ ರೂಢಿ.

ಹೋದ ಪತ್ರ

ಮಂಗಳವಾರ, ಜೂನ್ 10, ಲಿಯಾನ್ ಸಮಯ 9 ಗಂಟೆಗೆ ಇಂಗ್ಲಿಷಿನಲ್ಲಿ ಹೋದ ಪತ್ರದ ಕನ್ನಡ ರೂಪ ಇದು. ವಾರಗಳನ್ನು ಅಲ್ಲಿನವರ ಹಾಗೆ ವರ್ಷದ ಎಷ್ಟನೇ ವಾರ ಎಂದು ಗುರುತಿಸಿದೆ.

> ವಿಷಯ: ಪೋರ್ಟಲ್ ಸ್ಥಳಾಂತರ: ಲೈವ್ ದಿನಾಂಕ S25ರಿಂದ S27ಕ್ಕೆ (ಶನಿವಾರ 5 ಜುಲೈ). ಗುರುವಾರದೊಳಗೆ ನಿಮ್ಮಿಂದ ಎರಡು ತೀರ್ಮಾನ ಬೇಕು.
>
> ಜೂನ್ 21ಕ್ಕೆ ಲೈವ್ ಆಗುವುದಿಲ್ಲ. ಹೊಸ ದಿನಾಂಕವಾಗಿ ಜುಲೈ 5ನ್ನು ಸೂಚಿಸುತ್ತಿದ್ದೇವೆ, ಕೆಳಗಿನ ಷರತ್ತಿನೊಂದಿಗೆ.
>
> ಏನಾಯಿತು: ತಾಲೀಮು ಸರ್ವರಿನಲ್ಲಿ 312 ಪಾರ್ಟ್‌ಗಳು ಎರಡು ಬೆಲೆಯೊಂದಿಗೆ ಎರಡು ಸಲ ಸೇರಿವೆ. ಈಗ ನಡೆಯುತ್ತಿರುವ ಪೋರ್ಟಲಿನಲ್ಲಿ ಹೀಗಾಗಿಲ್ಲ. ಶುಕ್ರವಾರ ರಾತ್ರಿ ಅದರ 41 ಇಂಡೆಕ್ಸ್‌ಗಳನ್ನು ಪರೀಕ್ಷಿಸಿದ್ದೇವೆ, ಫಲಿತಾಂಶ ಲಗತ್ತಿಸಿದೆ. ತಾಲೀಮು ಸರ್ವರಿನಿಂದ ಲೈವ್ ಸರ್ವರಿಗೆ ಡೇಟಾ ಹೋಗುವ ದಾರಿಯೇ ಇಲ್ಲ.
>
> ಕಾರಣ: ಡೆಬಿಯನ್ 9 ಮತ್ತು 12ರ ನಡುವೆ ಅಕ್ಷರಗಳನ್ನು ಜೋಡಿಸುವ ನಿಯಮ ಬದಲಾಗಿದೆ. ನಾವು ಡೇಟಾಬೇಸನ್ನು ಫೈಲುಗಳ ರೂಪದಲ್ಲಿ ನಕಲು ಮಾಡಿದ್ದರಿಂದ ಇಂಡೆಕ್ಸ್‌ಗಳು ಹಳೆಯ ನಿಯಮದಲ್ಲೇ ಉಳಿದವು. ಈ ಬದಲಾವಣೆ 2018ರಿಂದಲೂ ಗೊತ್ತಿರುವಂಥದ್ದು. ನಾವು ಬರೆದ ಸ್ಥಳಾಂತರ ಯೋಜನೆಯಲ್ಲಿ ಇದರ ತಪಾಸಣೆ ಇರಲಿಲ್ಲ.
>
> ಮುಂದೆ: ಡೇಟಾವನ್ನು ಸಾಲುಸಾಲಾಗಿ ಒಯ್ಯುವ ವಿಧಾನಕ್ಕೆ ಬದಲಾಗುತ್ತೇವೆ. 16 ಮತ್ತು 17 ಜೂನ್ ನಕಲು. 18ರಂದು ಹೊಸ ಸರ್ವರಿನ 41 ಇಂಡೆಕ್ಸ್‌ಗಳ ಪರೀಕ್ಷೆ, ಪ್ರತಿ ಟೇಬಲಿನ ಸಾಲುಗಳ ತಾಳೆ. 19ರಿಂದ 27ರವರೆಗೆ ನಿಮ್ಮ ಮರುಪರೀಕ್ಷೆ. 30ರ ಸೋಮವಾರ 11 ಗಂಟೆಗೆ ಹೌದು ಅಥವಾ ಇಲ್ಲ ಎಂಬ ತೀರ್ಮಾನ.
>
> ನಿಮ್ಮ ಪರೀಕ್ಷಕರ ಕೆಲಸ: 140 ಪರೀಕ್ಷೆಗಳಲ್ಲಿ 96ರ ಫಲಿತಾಂಶ ಉಳಿಯುತ್ತದೆ, 44ನ್ನು ಮತ್ತೆ ಮಾಡಬೇಕು. ಪಟ್ಟಿ ಮತ್ತು ಪ್ರತಿಯೊಂದಕ್ಕೂ ಕಾರಣ ಲಗತ್ತಿಸಿದೆ.
>
> ನಿಮ್ಮಿಂದ ಬೇಕಾದದ್ದು, ಗುರುವಾರ 12 ಜೂನ್ 17 ಗಂಟೆಯೊಳಗೆ: ಭಾನುವಾರ 15 ಜೂನ್ 22 ಗಂಟೆಗೆ ಲೈವ್ ಡೇಟಾಬೇಸ್ ರೀಸ್ಟಾರ್ಟ್ ಮಾಡಲು ಅನುಮತಿ, ಪೋರ್ಟಲ್ 10 ನಿಮಿಷ ಬಂದ್ ಎಂದು ಲೆಕ್ಕವಿಡಿ. ಎರಡನೆಯದು, 19ರಿಂದ ಪರೀಕ್ಷಕರ ಲಭ್ಯತೆ.
>
> ಷರತ್ತು: 27ರ ಮಧ್ಯಾಹ್ನ 12ರೊಳಗೆ 44 ಪರೀಕ್ಷೆಗಳು ಮುಗಿಯದಿದ್ದರೆ ಜುಲೈ 5 ಕೈತಪ್ಪುತ್ತದೆ. ಜುಲೈ 14ರ ರಜೆಯ ವಾರಾಂತ್ಯವನ್ನು ನಾವು ಸೂಚಿಸುವುದಿಲ್ಲ. ಆಗ ಮುಂದಿನ ಅವಕಾಶ ಜುಲೈ 19.

'ಯೋಜನೆಯಲ್ಲಿ ತಪಾಸಣೆ ಇರಲಿಲ್ಲ' ಎಂಬ ವಾಕ್ಯದ ಮೇಲೆ ಬೆಂಗಳೂರಿನೊಂದಿಗೆ ಒಂದಷ್ಟು ಹೊತ್ತು ಜಗ್ಗಾಟ ನಡೆಯಿತು. ತಡಕ್ಕೆ ದಂಡದ ಷರತ್ತು ಒಪ್ಪಂದದಲ್ಲಿತ್ತು. ಕೊನೆಗೆ ಒಪ್ಪಿದ ದಾರಿ: ಸ್ಟೇಟಸ್ ಪತ್ರದಲ್ಲಿ ಸಂಗತಿ ಮಾತ್ರ ಇರಲಿ, ಹಣ, ಹೊಣೆ, ಪರಿಹಾರದ ಮಾತು ಒಪ್ಪಂದ ನೋಡಿಕೊಳ್ಳುವವರ ನಡುವೆ ಬೇರೆ ಪತ್ರದಲ್ಲಿ ನಡೆಯಲಿ. ವಾಕ್ಯವನ್ನೇ ತೆಗೆದಿದ್ದರೆ ಲಾಭವಿರಲಿಲ್ಲ. 2018 ಎಂಬ ವರ್ಷವನ್ನು ಹುಡುಕಿ ತೆಗೆಯಲು ಅಲ್ಲಿನ ಇಂಜಿನಿಯರಿಗೆ ಐದು ನಿಮಿಷ ಸಾಕು.

ಷರತ್ತಿನ ಸಾಲೂ ಸುಮ್ಮನೆ ಬಂದದ್ದಲ್ಲ. ದಿನಾಂಕ ಉಳಿಯುವುದು ಅವರ ಪರೀಕ್ಷಕರ ಕೈಯಲ್ಲೂ ಇದೆ ಎಂಬುದನ್ನು ಮೊದಲೇ ಹೇಳಿದರೆ ಅದು ಯೋಜನೆ, ತಡವಾದ ಮೇಲೆ ಹೇಳಿದರೆ ದೂರು.

ಗುರುವಾರದ ಕರೆ, ಆಮೇಲೆ

ಸಮಿತಿಯಲ್ಲಿ ಮೂರು ಪ್ರಶ್ನೆ ಬಂದವು. `REINDEX` ಯಾಕೆ ಸಾಲದು ಎಂಬುದಕ್ಕೆ ಮೇಲಿನ ಉತ್ತರವೇ ಹೋಯಿತು. ಈ ನಿಯಮದಿಂದ ಬೇರೆಲ್ಲಿ ಏಟು ಬೀಳಬಹುದು ಎಂದು ಅವರ ಇಂಜಿನಿಯರ್ ಕೇಳಿದರು. ಒಳ್ಳೆಯ ಪ್ರಶ್ನೆ: ಪಠ್ಯದ ಶ್ರೇಣಿಯ ಮೇಲೆ ಹಂಚಿದ ಪಾರ್ಟಿಶನ್‌ಗಳಿದ್ದರೆ ಸಾಲು ತಪ್ಪು ಪಾರ್ಟಿಶನ್ನಿಗೆ ಬೀಳುತ್ತದೆ. ಈ ಡೇಟಾಬೇಸಿನಲ್ಲಿ ಪಾರ್ಟಿಶನ್ ದಿನಾಂಕದ ಮೇಲಿವೆ, ಹಾಗಾಗಿ ಅಪಾಯವಿಲ್ಲ. ಪರದೆಯ ಮೇಲೆ ಪಟ್ಟಿಯ ಕ್ರಮ ಮಾತ್ರ ಬದಲಾಗಿಯೇ ಬದಲಾಗುತ್ತದೆ, ಅಡ್ಡಗೆರೆಯ ಪಾರ್ಟ್‌ಗಳು ಇನ್ನು ಮುಂದೆ ಮೊದಲಿಗೆ ಕಾಣುತ್ತವೆ. ಇದು ದೋಷವಲ್ಲ, ಆದರೆ ಮರುಪರೀಕ್ಷೆಯಲ್ಲಿ ಯಾರಾದರೂ ದೋಷವೆಂದು ಬರೆಯುತ್ತಾರೆ ಎಂದು ಟೀಮ್ ಲೀಡ್ ಅಲ್ಲೇ ಹೇಳಿ, ಪರೀಕ್ಷಾ ಪಟ್ಟಿಗೆ ಒಂದು ಟಿಪ್ಪಣಿ ಸೇರಿಸಿದರು. ಹೇಗಿದ್ದರೂ ಎರಡು ವಾರ ಇದೆಯಲ್ಲ, ಪೋಸ್ಟ್‌ಗ್ರೆಸ್ಸನ್ನೂ ಹೊಸ ಆವೃತ್ತಿಗೆ ಏರಿಸಬಾರದೇ ಎಂಬುದು ಮೂರನೆಯ ಪ್ರಶ್ನೆ. ಲಾಜಿಕಲ್ ರೆಪ್ಲಿಕೇಶನ್‌ನಲ್ಲಿ ಅದು ಸಾಧ್ಯವೂ ಹೌದು. ಒಪ್ಪಲಿಲ್ಲ: ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ, ಏನಾದರೂ ಕೆಟ್ಟಾಗ ಯಾವುದರಿಂದ ಕೆಟ್ಟಿತು ಎಂದು ಹೇಳಲಾಗದು, ಉಳಿದ 96 ಪರೀಕ್ಷೆಗಳ ಫಲಿತಾಂಶವೂ ರದ್ದಾಗುತ್ತದೆ.

ಜುಲೈ 5ರ ರಾತ್ರಿ 8ಕ್ಕೆ ಪೋರ್ಟಲ್ ಮುಚ್ಚಿ, ಕೊನೆಯ ಸಾಲುಗಳು ದಾಟುವವರೆಗೆ ಕಾದು, ಸೀಕ್ವೆನ್ಸ್‌ಗಳಿಗೆ `setval` ಕೊಟ್ಟು, 41 ಇಂಡೆಕ್ಸ್‌ಗಳನ್ನೂ ಮತ್ತೊಮ್ಮೆ ಪರೀಕ್ಷಿಸಿದ ಮೇಲೆ ತೆರೆದರು. ಭಾನುವಾರ ಬೆಳಿಗ್ಗೆಯ ಸ್ಟೇಟಸ್ ಮೇಲ್ ನಾಲ್ಕು ಸಾಲಿನದ್ದು: ಲೈವ್ ಆಗಿದೆ, ಒಂದೇ ನಂಬರಿನ ಎರಡು ಪಾರ್ಟ್ ಎಲ್ಲೂ ಇಲ್ಲ, ಹಳೆಯ ಸರ್ವರನ್ನು ಎರಡು ವಾರ ಹಾಗೇ ಇಟ್ಟಿರುತ್ತೇವೆ, ಪೋಸ್ಟ್‌ಗ್ರೆಸ್ 13ಕ್ಕೆ ನವೆಂಬರ್ 2025ರ ನಂತರ ಪ್ಯಾಚ್ ಬರುವುದಿಲ್ಲ, ಆ ಕೆಲಸದ ಯೋಜನೆಯನ್ನು ಸೆಪ್ಟೆಂಬರ್ ಮೊದಲ ವಾರ ಕಳಿಸುತ್ತೇವೆ.